ಅಡ್ವಾನ್ಸ್‌ನಲ್ಲಿ ಹಿಡಿದ ದುಡ್ಡು ಕೇಳಿ ಓನರ್‌ಗೆ ಪತ್ರ ಬರೆಯೋದು ಹೇಗೆ?

ಬೆಂಗಳೂರಲ್ಲಿ ಮನೆ ಖಾಲಿ ಮಾಡಿದೆ. ಪೇಂಟಿಂಗ್‌ಗೆ 25,000, ಗೀಸರ್‌ಗೆ 8,000, ಚಿಲಕಕ್ಕೆ 1,000 ಅಂತ ಓನರ್ 34,000 ಹಿಡ್ಕೊಂಡಿದ್ದಾರೆ. ಪತ್ರದಲ್ಲಿ ಏನು ಬರೀಲಿ?

ಒಟ್ಟು ಮೊತ್ತದ ಬಗ್ಗೆ ಜಗಳ ಬೇಡ, ಒಂದೊಂದು ವಸ್ತುವನ್ನೂ ಬೇರೆ ಬೇರೆಯಾಗಿ ಬರೆಯಿರಿ: ಬಂದಾಗ ಹೇಗಿತ್ತು, ಬಿಟ್ಟಾಗ ಹೇಗಿತ್ತು, ಎಷ್ಟು ಹಿಡಿದರು, ನೀವು ಎಷ್ಟು ಒಪ್ಪುತ್ತೀರಿ.

ಮೊದಲು ಚಿಲಕ. ಮುರಿದದ್ದು ನೀವೇ ಆದರೆ 1,000 ಒಪ್ಪಿಕೊಳ್ಳಿ, ಆಗ ಉಳಿದ ಮಾತಿಗೆ ತೂಕ ಬರುತ್ತೆ. ಗೀಸರ್ ಬಗ್ಗೆ ಹೀಗೆ ಬರೆಯಬಹುದು: "ನಾನು ಬಂದಾಗಲೇ ಗೀಸರ್ ಹಳೆಯದು, ಉಪ್ಪುನೀರಿಗೆ ಕಾಯಿಲ್ ಹೋಗಿದೆ. ಇದು ಬಳಕೆಯ ಸವಕಳಿ, 8,000 ಒಪ್ಪುವುದಿಲ್ಲ. ರಿಪೇರಿ ಬಿಲ್ ಕಳಿಸಿ." 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್ ಕೂಡ ಸಹಜ ಸವಕಳಿಯನ್ನು ಬಾಡಿಗೆದಾರನ ಮೇಲೆ ಹಾಕುವುದಿಲ್ಲ, ಅದನ್ನೂ ಒಂದು ಸಾಲಲ್ಲಿ ಸೇರಿಸಿ.

ಪೇಂಟಿಂಗ್ ಮಾತ್ರ ಸ್ವಲ್ಪ ಕಷ್ಟ. ಒಂದು ತಿಂಗಳ ಬಾಡಿಗೆ ಹಿಡಿಯೋದು ಇಲ್ಲಿ ರೂಢಿ ಅಲ್ವಾ, ಅಗ್ರಿಮೆಂಟಲ್ಲಿ ಹಾಗೆ ಬರೆದು ನೀವು ಸಹಿ ಹಾಕಿದ್ದರೆ ಸುಮ್ನೆ ಎಳೆದಾಡಬೇಡಿ. ಬರೆದಿಲ್ಲ ಅಂದ್ರೆ "ಕರಾರಿನಲ್ಲಿ ಇಲ್ಲ" ಅಂತ ನೇರವಾಗಿ ಕೇಳಿ.

ಕೊನೆಗೆ ವಾಪಸ್ ಬರಬೇಕಾದ ಮೊತ್ತ, 15 ದಿನದ ಗಡುವು, ಬ್ಯಾಂಕ್ ಖಾತೆ. ಫೋಟೋ ಲಗತ್ತಿಸಿ ಸ್ಪೀಡ್ ಪೋಸ್ಟಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ.