ಉಚಿತ ರಕ್ತ ಪರೀಕ್ಷೆ ಪರೋಪಕಾರ ಯಾಕಲ್ಲ?

ಪ್ರಶ್ನೆ: ಪರೀಕ್ಷೆಯಲ್ಲಿ ಒಂದು ಪೇಂಟ್ ಕಂಪನಿಯ ಪ್ರಸಂಗ ಕೊಟ್ಟಿದ್ದರು. ಕಂಪನಿ ಕಾರ್ಖಾನೆಯ ಕೊಳಕು ನೀರನ್ನು ಸರ್ಕಾರದ ಮಿತಿಯೊಳಗೆ ಶುದ್ಧ ಮಾಡಿ ಬಿಡುತ್ತದೆ. ಕಾನೂನು ಕೇಳದಿದ್ದರೂ ಪೇಂಟಿಗೆ ಸೀಸ ಹಾಕುವುದನ್ನು ನಿಲ್ಲಿಸುತ್ತದೆ. ಹಿಂದೆ ತನ್ನ ಸೀಸದ ಪೇಂಟ್ ಬಳಿದ ಮನೆಗಳ ಮಕ್ಕಳಿಗೆ ಉಚಿತ ರಕ್ತ ಪರೀಕ್ಷೆ ಮಾಡಿಸುತ್ತದೆ. ಹತ್ತಿರದ ಶಾಲೆಗೆ ಲೈಬ್ರರಿ ಕಟ್ಟಿಸಿಕೊಡುತ್ತದೆ. ಯಾವ ಕೆಲಸ ಯಾವ ಬಗೆಯ ಹೊಣೆ ಎಂದು ಹೇಳಬೇಕಿತ್ತು. ಮೊದಲನೆಯದು ಕಾನೂನಿನ ಹೊಣೆ, ಉಳಿದ ಮೂರೂ ಪರೋಪಕಾರ ಎಂದು ಬರೆದೆ. ಅರ್ಧ ಅಂಕ ಹೋಯಿತು. ಕಾನೂನು ಹೇಳದೆ ಮಾಡಿದ್ದೆಲ್ಲ ಪರೋಪಕಾರ ಅಲ್ವಾ?

ಉತ್ತರ: ಅಲ್ಲ. ನೀವು ಒಂದೇ ಪ್ರಶ್ನೆ ಕೇಳಿಕೊಂಡು ನಿಲ್ಲಿಸಿದ್ದೀರಿ, ತೊಂದರೆ ಅಲ್ಲೇ ಆಗಿದ್ದು. 'ಇದನ್ನು ಮಾಡದಿದ್ದರೆ ಕಾನೂನು ಹಿಡಿಯುತ್ತದಾ?' ಎಂದು ಕೇಳಿದಿರಿ. ಹಿಡಿಯುವುದಿಲ್ಲ ಅಂದಿದ್ದನ್ನೆಲ್ಲ ಒಂದೇ ಗಂಟಿಗೆ ಕಟ್ಟಿಬಿಟ್ಟಿರಿ. ಇನ್ನೊಂದು ಪ್ರಶ್ನೆ ಉಳಿದಿತ್ತು: 'ಇದನ್ನು ಮಾಡದಿದ್ದರೆ, ನನಗೆ ಅನ್ಯಾಯವಾಯಿತು ಎಂದು ಹೇಳುವ ಹಕ್ಕು ಯಾರಿಗಾದರೂ ಇದೆಯಾ?' ಇದ್ದರೆ ಅದು ನೈತಿಕ ಹೊಣೆ. ಅಂಥವರು ಯಾರೂ ಇಲ್ಲದಿದ್ದರೆ ಮಾತ್ರ ಪರೋಪಕಾರ.

ಕಂಪನಿಗಳ ಸಾಮಾಜಿಕ ಹೊಣೆಯ ಬಗ್ಗೆ ನಿಮ್ಮ ಪಠ್ಯದಲ್ಲಿರುವ ನಾಲ್ಕು ಹಂತದ ಪಿರಮಿಡ್ ಅಮೆರಿಕದ ಮ್ಯಾನೇಜ್‌ಮೆಂಟ್ ಪ್ರಾಧ್ಯಾಪಕ ಆರ್ಚಿ ಕ್ಯಾರೊಲ್ ಅವರದು. 1979ರಲ್ಲಿ ನಾಲ್ಕು ಭಾಗಗಳನ್ನು ಹೇಳಿದ ಅವರು 1991ರಲ್ಲಿ ಅದಕ್ಕೆ ಪಿರಮಿಡ್ ಆಕಾರ ಕೊಟ್ಟರು. ತಳದಲ್ಲಿ ಆರ್ಥಿಕ ಹೊಣೆ, ಅಂದರೆ ಲಾಭ ಮಾಡಿ ಉಳಿದುಕೊಳ್ಳುವುದು. ಅದರ ಮೇಲೆ ಕಾನೂನು, ಆಮೇಲೆ ನೈತಿಕ, ತುದಿಯಲ್ಲಿ ಪರೋಪಕಾರ. ಈ ಚಿತ್ರವನ್ನು ಎಲ್ಲರೂ ಬಾಯಿಪಾಠ ಮಾಡುತ್ತಾರೆ. ಅದರ ಜೊತೆಗಿರುವ ಮೂರು ಪದಗಳನ್ನು ಮಾತ್ರ ಮರೆಯುತ್ತಾರೆ. ಕೆಳಗಿನ ಎರಡನ್ನು ಸಮಾಜ 'ಮಾಡಲೇಬೇಕು' ಅನ್ನುತ್ತದೆ. ನೈತಿಕ ಹೊಣೆಯನ್ನು 'ನಿರೀಕ್ಷಿಸುತ್ತದೆ'. ಪರೋಪಕಾರವನ್ನು 'ಬಯಸುತ್ತದೆ', ಅಷ್ಟೇ. ನಿರೀಕ್ಷೆ ಸುಳ್ಳಾದರೆ ಜನ ತಪ್ಪು ಹೊರಿಸುತ್ತಾರೆ. ಬಯಸಿದ್ದು ಸಿಗದಿದ್ದರೆ ಬೇಜಾರಾಗಬಹುದು, ಆದರೆ ಯಾರೂ ತಪ್ಪು ಹೊರಿಸುವುದಿಲ್ಲ.

ಇದನ್ನು ಇಟ್ಟುಕೊಂಡು ನಿಮ್ಮ ಪೇಂಟ್ ಕಂಪನಿಗೆ ಬರೋಣ. ಕೊಳಕು ನೀರಿನ ವಿಷಯ ಸರಳ. ಮಿತಿ ಇದೆ, ಮೀರಿದರೆ ದಂಡ ಇದೆ. ಅದು ಕಾನೂನಿನ ಹೊಣೆ, ನೀವು ಬರೆದದ್ದು ಸರಿ.

ಸೀಸದ ವಿಷಯ ಸ್ವಲ್ಪ ನಿಧಾನವಾಗಿ ನೋಡಬೇಕು. ಪೇಂಟಿಗೆ ಸೀಸ ಹಾಕುವುದು ಸುಮ್ನೆ ಅಲ್ಲ. ಹಳದಿ, ಕಿತ್ತಳೆ ಬಣ್ಣ ಗಾಢವಾಗಿ ಬರಲಿ ಎಂದು, ಪೇಂಟ್ ಬೇಗ ಒಣಗಲಿ ಎಂದು ಸೀಸದ ಸಂಯುಕ್ತಗಳನ್ನು ಬಳಸುತ್ತಾರೆ. ವರ್ಷ ಕಳೆದಂತೆ ಗೋಡೆಯ ಪೇಂಟ್ ಚಕ್ಕೆ ಏಳುತ್ತದೆ, ಪುಡಿಯಾಗಿ ನೆಲಕ್ಕೆ ಬೀಳುತ್ತದೆ. ನೆಲದ ಮೇಲೆ ಆಡುವ ಮಗು ಕೈ ಬಾಯಿಗೆ ಹಾಕಿಕೊಳ್ಳುತ್ತದೆ. ಸೀಸ ಮಗುವಿನ ಮೆದುಳಿನ ಬೆಳವಣಿಗೆಗೆ ಪೆಟ್ಟು ಕೊಡುತ್ತದೆ. ಇಷ್ಟು ಪ್ರಮಾಣದವರೆಗೆ ಪರವಾಗಿಲ್ಲ ಎನ್ನುವ ಸುರಕ್ಷಿತ ಮಟ್ಟವೇ ಗೊತ್ತಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಪೇಂಟಿನಲ್ಲಿ ಸೀಸ ಹತ್ತು ಲಕ್ಷದಲ್ಲಿ 90 ಭಾಗ ಮೀರಬಾರದು ಎನ್ನುವ ಕಾನೂನು ಹಲವು ದೇಶಗಳಲ್ಲಿದೆ, ಇನ್ನು ಹಲವು ದೇಶಗಳಲ್ಲಿ ಅಂಥ ಕಾನೂನೇ ಇಲ್ಲ.

ನಿಮ್ಮ ಪ್ರಸಂಗದ ಕಂಪನಿ ಕಾನೂನಿಲ್ಲದ ಕಡೆ ಇದೆ. ಈಗ ಎರಡನೇ ಪ್ರಶ್ನೆ ಕೇಳಿ. ಸೀಸ ಹಾಕುತ್ತಲೇ ಹೋದರೆ ಅನ್ಯಾಯವಾಯಿತು ಎಂದು ಹೇಳುವವರು ಯಾರು? ಆ ಮನೆಯ ಮಗು. ಹಾನಿ ಕಂಪನಿಯ ಡಬ್ಬಿಯಿಂದಲೇ ಹೋಗಿದೆ. ಹಾನಿ ಆಗುತ್ತದೆ ಎಂದು ಕಂಪನಿಗೆ ಗೊತ್ತು. ಸೀಸ ಇಲ್ಲದೆಯೂ ಪೇಂಟ್ ಮಾಡಬಹುದು. ಈ ಮೂರೂ ಸೇರಿದಾಗ ನಿಲ್ಲಿಸುವುದು ಕಂಪನಿ ತೋರಿಸುವ ದೊಡ್ಡತನ ಅಲ್ಲ, ಅದು ಮಗುವಿಗೆ ಸಲ್ಲಬೇಕಾದದ್ದು. ಹಾಗಾಗಿ ನೈತಿಕ.

ಇಲ್ಲಿ ಎಡವುವವರೇ ಜಾಸ್ತಿ. 'ಸ್ವಯಂಪ್ರೇರಿತವಾಗಿ' ಎನ್ನುವ ಪದ ಕಂಡ ಕೂಡಲೇ ಪರೋಪಕಾರ ಎಂದು ಬರೆದುಬಿಡುತ್ತಾರೆ. ಕಾನೂನಿನ ಕಣ್ಣಲ್ಲಿ ನೋಡಿದರೆ ನೈತಿಕ ಹೊಣೆಯೂ ಸ್ವಯಂಪ್ರೇರಿತವೇ. ಆ ಪದ ನಿಮಗೆ 'ಇದು ಕಾನೂನಿನ ಹಂತ ಅಲ್ಲ' ಎಂದಷ್ಟೇ ಹೇಳುತ್ತದೆ. ಉಳಿದ ಎರಡರಲ್ಲಿ ಯಾವುದು ಎಂದು ಹೇಳುವುದಿಲ್ಲ.

ರಕ್ತ ಪರೀಕ್ಷೆ ನಿಮ್ಮ ಪ್ರಶ್ನೆಯ ಅಸಲಿ ಗಂಟು. 'ಉಚಿತ' ಎನ್ನುವ ಪದ ನಿಮ್ಮನ್ನು ದಾರಿ ತಪ್ಪಿಸಿದೆ. ಪ್ರಸಂಗವನ್ನು ಮತ್ತೊಮ್ಮೆ ಓದಿ. ಯಾವ ಮಕ್ಕಳು? ಹಿಂದೆ ಇದೇ ಕಂಪನಿಯ ಸೀಸದ ಪೇಂಟ್ ಬಳಿದ ಮನೆಗಳ ಮಕ್ಕಳು. ಅವರ ಮೈಗೆ ಸೀಸ ಸೇರಿದ್ದರೆ ಅದು ಬಂದ ದಾರಿಯಲ್ಲಿ ಕಂಪನಿಯೂ ಇದೆ. ತಾನು ಒಡೆದ ಗಾಜನ್ನು ತಾನೇ ಗುಡಿಸಿದವನನ್ನು ಯಾರೂ ದಾನಿ ಎನ್ನುವುದಿಲ್ಲ, ಅಲ್ವಾ? ಇದು ಹಾನಿ ಸರಿಪಡಿಸುವ ಕೆಲಸ, ನೈತಿಕ ಹಂತಕ್ಕೆ ಸೇರಿದ್ದು.

ಪ್ರಸಂಗದಲ್ಲಿ ಒಂದೇ ಸಾಲು ಬದಲಿಸಿ ನೋಡಿ. ಸೀಸ ಬಂದದ್ದು ಇನ್ಯಾರದೋ ಹಳೇ ಬ್ಯಾಟರಿ ಒಡೆಯುವ ಘಟಕದಿಂದ, ಪೇಂಟ್ ಕಂಪನಿಗೂ ಅದಕ್ಕೂ ಸಂಬಂಧವೇ ಇಲ್ಲ ಅಂದುಕೊಳ್ಳಿ. ಆಗ ಅದೇ ರಕ್ತ ಪರೀಕ್ಷೆ ಪರೋಪಕಾರ ಆಗುತ್ತದೆ. ಇನ್ನೊಂದು ರೀತಿ ಬದಲಿಸಿ: ಪರೀಕ್ಷೆ ಮಾಡಿಸಿ ಎಂದು ಕೋರ್ಟ್ ಆದೇಶ ಕೊಟ್ಟಿದೆ. ಆಗ ಅದು ಕಾನೂನಿನ ಹೊಣೆ. ಸೂಜಿ ಅದೇ, ನರ್ಸ್ ಅದೇ, ಖರ್ಚೂ ಅದೇ. ಅಂದರೆ ಕೆಲಸವನ್ನಷ್ಟೇ ನೋಡಿ ಹಂತ ಹೇಳಲು ಆಗುವುದಿಲ್ಲ. ಕಂಪನಿಗೂ ಆ ಜನರಿಗೂ ಏನು ಸಂಬಂಧ ಎಂದು ನೋಡಬೇಕು. ಪ್ರಶ್ನೆ ಮಾಡುವವರು ಈ ಸುಳಿವನ್ನು ಸಾಮಾನ್ಯವಾಗಿ ಒಂದು ಸಣ್ಣ ವಾಕ್ಯದಲ್ಲಿ ಅಡಗಿಸಿರುತ್ತಾರೆ. ನಾನೂ ಪ್ರಶ್ನೆಪತ್ರಿಕೆ ಮಾಡುವಾಗ ಹಾಗೇ ಮಾಡುತ್ತೇನೆ, ಒಪ್ಪಿಕೊಳ್ಳುತ್ತೇನೆ.

ಲೈಬ್ರರಿಗೆ ಜಾಸ್ತಿ ಮಾತು ಬೇಡ. ಶಾಲೆಗೆ ಕಂಪನಿ ಏನೂ ಬಾಕಿ ಇಲ್ಲ. ಕಟ್ಟಿಸದಿದ್ದರೆ ಯಾರೂ ದೂರುವ ಹಾಗಿಲ್ಲ. ಪರೋಪಕಾರ. ಇಂಥದ್ದಕ್ಕೆ ದೊಡ್ಡ ಉದಾಹರಣೆ ಬೇಕಿದ್ದರೆ ಅಮೆರಿಕದ ಮರ್ಕ್ ಕಂಪನಿಯದನ್ನು ಬರೆಯಿರಿ. ನದಿತೀರದ ಕಪ್ಪು ನೊಣ ಕಚ್ಚುವುದರಿಂದ ಹರಡುವ, ಕಣ್ಣು ಕಳೆಯುವ ಒಂದು ರೋಗವಿದೆ. ಅದಕ್ಕೆ ಐವರ್‌ಮೆಕ್ಟಿನ್ ಮದ್ದು. ಬೇಕಾದವರಿಗೆ, ಬೇಕಾದಷ್ಟು ಕಾಲ ಇದನ್ನು ಪುಕ್ಕಟೆ ಕೊಡುತ್ತೇವೆ ಎಂದು ಕಂಪನಿ 1987ರಲ್ಲಿ ಘೋಷಿಸಿತು. ಆ ರೋಗ ತಂದದ್ದು ಮರ್ಕ್ ಅಲ್ಲ. ಆದರೂ ಒಬ್ಬ ತಕರಾರುಗಾರ ವಿದ್ಯಾರ್ಥಿ ಕೇಳಬಹುದು: ಮದ್ದು ತನ್ನ ಕೈಲಿದ್ದು, ಕುರುಡಾಗುವವರಿಗೆ ಕೊಡದಿರುವುದು ಅನ್ಯಾಯ ಅಲ್ಲವೇ? ಒಳ್ಳೆಯ ಪ್ರಶ್ನೆ. ಗೆರೆ ಮಸುಕಾಗುವುದು ಇಲ್ಲೇ. ಕ್ಯಾರೊಲ್ ಅವರೇ 2003ರಲ್ಲಿ ಮಾರ್ಕ್ ಶ್ವಾರ್ಟ್ಜ್ ಜೊತೆ ಸೇರಿ ಬೇರೊಂದು ಮಾದರಿ ಕೊಟ್ಟರು. ಅದರಲ್ಲಿ ಪರೋಪಕಾರಕ್ಕೆ ಪ್ರತ್ಯೇಕ ಮನೆಯೇ ಇಲ್ಲ. ಅದನ್ನು ಆರ್ಥಿಕ ಅಥವಾ ನೈತಿಕ ಹೊಣೆಯೊಳಗೆ ಸೇರಿಸಿದ್ದಾರೆ. ಪರೀಕ್ಷೆಯಲ್ಲಿ ಪಿರಮಿಡ್ ಕೇಳಿದ್ದರೆ ಪಿರಮಿಡ್ಡಿನ ಪ್ರಕಾರವೇ ಬರೆಯಿರಿ, ಎರಡನ್ನೂ ಬೆರೆಸಬೇಡಿ.

ಒಂದೇ ಕೆಲಸದ ಹಂತ ಕಾಲ ಕಳೆದಂತೆ ಬದಲಾಗುತ್ತದೆ ಎನ್ನುವುದೂ ಗೊತ್ತಿರಲಿ. 1982ರ ಸೆಪ್ಟೆಂಬರ್ ಕೊನೆಯಲ್ಲಿ ಅಮೆರಿಕದ ಷಿಕಾಗೊ ಸುತ್ತಮುತ್ತ ಟೈಲೆನಾಲ್ ಎಂಬ ನೋವಿನ ಮದ್ದಿನ ಕ್ಯಾಪ್ಸೂಲ್ ನುಂಗಿದ 7 ಜನ ಸತ್ತರು. ಕ್ಯಾಪ್ಸೂಲಿನಲ್ಲಿ ಸೈನೈಡ್ ಇತ್ತು. ಕಾರ್ಖಾನೆಯಲ್ಲಿ ಸೇರಿದ್ದಲ್ಲ, ಅಂಗಡಿಗೆ ಬಂದ ಮೇಲೆ ಯಾರೋ ಬೆರೆಸಿದ್ದು ಎಂದು ತನಿಖೆ ಮಾಡಿದವರು ತೀರ್ಮಾನಿಸಿದರು. ಹಾಗಿದ್ದರೂ ಆ ಮದ್ದಿನ ಕಂಪನಿ ಜಾನ್ಸನ್ ಅಂಡ್ ಜಾನ್ಸನ್ ದೇಶದ ಅಂಗಡಿಗಳಿಂದ ಸುಮಾರು 3.1 ಕೋಟಿ ಬಾಟಲಿ ವಾಪಸ್ ತರಿಸಿತು. ಖರ್ಚು 10 ಕೋಟಿ ಡಾಲರಿಗೂ ಹೆಚ್ಚು. ದೇಶವಿಡೀ ತರಿಸಿ ಎಂದು ಕಾನೂನು ಕೇಳಿರಲಿಲ್ಲ.

ಇದನ್ನು ಎಷ್ಟೋ ಮಂದಿ ಪರೋಪಕಾರ ಎಂದು ಬರೆಯುತ್ತಾರೆ. ತಪ್ಪು ಕಂಪನಿಯದ್ದಲ್ಲ, ಕಾನೂನೂ ಕೇಳಿಲ್ಲ, ಇನ್ನೇನು ಅನ್ನುವುದು ಅವರ ವಾದ. ಆದರೆ ಅಪಾಯ ಇದ್ದದ್ದು ಅದರದೇ ಹೆಸರಿನ ಬಾಟಲಿಯಲ್ಲಿ. ಅದನ್ನು ನಂಬಿ ಕೊಂಡವರು ಅದರ ಗ್ರಾಹಕರು. ಗೊತ್ತಿದ್ದೂ ಅಂಗಡಿಯಲ್ಲಿ ಬಿಟ್ಟಿದ್ದರೆ ಅವರು ದೂರುತ್ತಿದ್ದರು, ದೂರುವ ಹಕ್ಕೂ ಅವರಿಗಿತ್ತು. ಹಾಗಾಗಿ ನೈತಿಕ. ಅದೇ ವರ್ಷ ನವೆಂಬರಿನಲ್ಲಿ ಕಂಪನಿ ಮೂರು ಕಡೆ ಸೀಲ್ ಮಾಡಿದ ಡಬ್ಬಿ ತಂದಿತು. ಅದೇ ತಿಂಗಳು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ವೈದ್ಯರ ಚೀಟಿ ಇಲ್ಲದೆ ಮಾರುವ ಇಂಥ ಮದ್ದುಗಳಿಗೆ ಸೀಲ್ ಇರಲೇಬೇಕು ಎಂದು ನಿಯಮ ಮಾಡಿತು. ಹಿಂದಿನ ವರ್ಷ ಸೀಲ್ ಹಾಕಿದ್ದರೆ ಅದು ಕಾನೂನು ಮೀರಿದ ಎಚ್ಚರಿಕೆ. ನಿಯಮ ಜಾರಿಯಾದ ಮೇಲೆ ಹಾಕಿದರೆ ಬರೀ ಕಾನೂನು ಪಾಲನೆ. ಅದಕ್ಕೇ ಪ್ರಸಂಗದಲ್ಲಿ ಇಸವಿ, ದೇಶ ಕೊಟ್ಟಿದ್ದರೆ ಅದನ್ನು ಬಿಟ್ಟು ಓದಬೇಡಿ.

ದೇಶ ಅಂದಾಗ ಭಾರತದ ಮಾತು ಬರಲೇಬೇಕು. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ಒಂದು ಗಾತ್ರ ಮೀರಿದ ಕಂಪನಿಗಳು ಹಿಂದಿನ 3 ವರ್ಷದ ಸರಾಸರಿ ನಿವ್ವಳ ಲಾಭದಲ್ಲಿ ಕನಿಷ್ಠ ಶೇ 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಬೇಕು. ನಿಮ್ಮ ಪ್ರಸಂಗದ ಲೈಬ್ರರಿ ಈ ಶೇ 2ರ ಲೆಕ್ಕದಲ್ಲಿ ಕಟ್ಟಿದ್ದಾದರೆ? ಹಣ ಖರ್ಚು ಮಾಡುವುದು ಕಾನೂನಿನ ಹೊಣೆ. ಆ ಶಾಲೆಯನ್ನೇ ಆರಿಸಿದ್ದು ಕಂಪನಿಯ ಇಷ್ಟ. ಶೇ 2 ಮುಗಿದ ಮೇಲೆ ಕೊಟ್ಟದ್ದು ಪೂರ್ತಿ ಪರೋಪಕಾರ. ಪ್ರಸಂಗದಲ್ಲಿ ಇದರ ಸುಳಿವಿಲ್ಲದಿದ್ದರೆ ನೀವಾಗಿ ತಂದು ಗೊಂದಲ ಮಾಡಿಕೊಳ್ಳಬೇಡಿ.

ಇನ್ನು ಉತ್ತರ ಬರೆಯುವ ರೀತಿ. ಹಂತದ ಹೆಸರು ಬರೆದು ಬಿಟ್ಟರೆ ಪೂರ್ತಿ ಅಂಕ ಬರುವುದಿಲ್ಲ, ಸಂಬಂಧ ಹೇಳಬೇಕು. ರಕ್ತ ಪರೀಕ್ಷೆಗೆ ನಾನಾದರೆ ಹೀಗೆ ಬರೆಯುತ್ತಿದ್ದೆ: 'ಇದನ್ನು ಮಾಡಿಸಿ ಎಂದು ಯಾವ ಕಾನೂನೂ ಹೇಳಿಲ್ಲ, ಹಾಗಾಗಿ ಕಾನೂನಿನ ಹೊಣೆ ಅಲ್ಲ. ಆದರೆ ಮಕ್ಕಳಿಗೆ ಅಪಾಯ ಬಂದಿರುವುದು ಕಂಪನಿಯದೇ ಪೇಂಟಿನಿಂದ. ಪರೀಕ್ಷೆ ಮಾಡಿಸದಿದ್ದರೆ ಆ ಮನೆಯವರು ದೂರಲು ಕಾರಣವಿದೆ. ಆದ್ದರಿಂದ ಇದು ನೈತಿಕ ಹೊಣೆ. ಸೀಸದ ಮೂಲ ಬೇರೆಯಾಗಿದ್ದರೆ ಪರೋಪಕಾರ ಆಗುತ್ತಿತ್ತು.' ಆ ಕೊನೆಯ ವಾಕ್ಯ ಬರೆದವರಿಗೆ ನಾನು ಅಂಕ ಕಳೆಯುವುದಿಲ್ಲ.