ಹೊಸ ಕ್ಲಾಸ್ ಗ್ರೂಪಿನಲ್ಲಿ ಮೊದಲ ಮಾತು

"ಬಿ.ಕಾಂ.ಗೆ ಸೇರಿದ್ದೀನಿ, ಕ್ಲಾಸ್ ಇನ್ನೂ ಶುರುವಾಗಿಲ್ಲ. ವಾಟ್ಸ್ಯಾಪ್ ಗ್ರೂಪಿನಲ್ಲಿ ಅರವತ್ತು ಜನ ಇದ್ದೀವಿ. ಎಲ್ಲರೂ 'ಹಾಯ್' ಅಂದು ಸುಮ್ಮನಾಗ್ತಾರೆ. ಏನು ಕೇಳಿದರೆ ಮಾತು ಮುಂದುವರಿಯುತ್ತೆ?"

ಅವರಿಗೆ ಆಸಕ್ತಿ ಇಲ್ಲ ಅಂದುಕೊಳ್ಳಬೇಡಿ. ಚಾರ್ಲ್ಸ್ ಬರ್ಗರ್, ರಿಚರ್ಡ್ ಕ್ಯಾಲಬ್ರೀಸ್ ಎಂಬ ಸಂವಹನ ಸಂಶೋಧಕರಿಬ್ಬರೂ ಸೇರಿ 1975ರಲ್ಲಿ 'ಅನಿಶ್ಚಿತತೆ ತಗ್ಗಿಸುವ ಸಿದ್ಧಾಂತ' ಮಂಡಿಸಿದರು. ಈ ಮನುಷ್ಯ ಎಂಥವನು, ನಾನು ಹೀಗಂದರೆ ಅವನು ಏನನ್ನುತ್ತಾನೆ ಎಂದು ಗೊತ್ತಿಲ್ಲದ ಕಸಿವಿಸಿಯನ್ನು ಇಳಿಸಿಕೊಳ್ಳುವುದೇ ಅಪರಿಚಿತರ ಮೊದಲ ಮಾತಿನ ಕೆಲಸ ಅನ್ನುತ್ತದೆ ಅದು. ಅವರ ಲೆಕ್ಕದಲ್ಲಿದ್ದದ್ದು ಎದುರುಬದುರು ಕೂತ ಇಬ್ಬರು. ನಿಮ್ಮಲ್ಲಿ ಅರವತ್ತು ಜನ.

ಹೊಸಬರನ್ನು ತಿಳಿಯಲು ದಾರಿ ಮೂರು: ದೂರದಿಂದ ಗಮನಿಸುವುದು, ಬೇರೆಯವರನ್ನು ವಿಚಾರಿಸುವುದು, ಅವರನ್ನೇ ಕೇಳುವುದು. ಅಷ್ಟು ಜನರ ಮುಂದೆ ನೇರವಾಗಿ ಕೇಳಿ ಉತ್ತರ ಬಾರದಿದ್ದರೆ ಮುಜುಗರ; ಸುಮ್ಮನೆ ನೋಡುವುದಕ್ಕೆ ಖರ್ಚೇನೂ ಇಲ್ಲ. ಹಾಗಾಗಿ ಎಲ್ಲರೂ ಮೊದಲ ದಾರಿ ಹಿಡಿಯುತ್ತಾರೆ. ಆದರೆ ನೋಡಲು ಇರುವುದೇನು? ಸೇವ್ ಮಾಡದ ನಂಬರು, ದೇವರದ್ದೋ ನಟನದ್ದೋ ಡಿಪಿ, ಅಷ್ಟೇ.

ಈಗ 'ಹಾಯ್' ವಿಷಯ. ಪರಿಚಯ ಕಡಿಮೆ ಇದ್ದಷ್ಟೂ ಜನ ಕೊಟ್ಟದ್ದಕ್ಕೆ ಸರಿಸಮನಾಗಿ, ಅಷ್ಟೇ ಆಳದ್ದನ್ನು ವಾಪಸ್ ಕೊಡುತ್ತಾರೆ ಅನ್ನುವುದು ಈ ಸಿದ್ಧಾಂತದ ಒಂದು ಮೂಲಸೂತ್ರ. ನೀವು 'ಹಾಯ್' ಅಂದರೆ ಬರುವುದೂ 'ಹಾಯ್'. 'ಎಲ್ಲರೂ ಪರಿಚಯ ಮಾಡ್ಕೊಳ್ಳಿ' ಅಂದರಂತೂ ನೀವು ಕೊಟ್ಟದ್ದೇನೂ ಇಲ್ಲ, ಕೇಳಿದ್ದು ಮಾತ್ರ ಬೆಟ್ಟದಷ್ಟು. ಬದಲಿಗೆ ಹೀಗೆ ಹಾಕಿ ನೋಡಿ: 'ನಾನು ಅರಸೀಕೆರೆಯಿಂದ ದಿನಾ ಟ್ರೈನಲ್ಲಿ ಬರೋನು. ಪಿಯುನಲ್ಲಿ ಸೈನ್ಸ್ ಇತ್ತು, ಅಕೌಂಟೆನ್ಸಿ ಸೊನ್ನೆ. ಟ್ರೈನಲ್ಲಿ ಬರೋರು, ಅಕೌಂಟ್ಸ್ ಹೊಸದು ಅನ್ನೋರು ಯಾರಾದ್ರೂ ಇದ್ದೀರಾ?' ಇಲ್ಲಿ ನೀವು ಮೊದಲು ಕೊಟ್ಟಿದ್ದೀರಿ. ಉತ್ತರಿಸುವವರಿಗೆ ಎಷ್ಟು ಹೇಳಬೇಕು ಅನ್ನುವ ಅಳತೆ ಸಿಕ್ಕಿತು. 'ನಾನೂ' ಅಂದರೂ ಸಾಕು, ಆ ಒಂದು ಪದದಲ್ಲೇ ನಿಮ್ಮಿಬ್ಬರ ಸಾಮ್ಯ ಗೊತ್ತಾಗುತ್ತದೆ. ಸಾಮ್ಯ ಕಂಡರೆ ಕಸಿವಿಸಿ ಇಳಿಯುತ್ತದೆ ಅನ್ನುವುದೂ ಈ ಸಿದ್ಧಾಂತದ ಇನ್ನೊಂದು ಸೂತ್ರ.

ಮನೆಯ ಕಷ್ಟ, ಮಾರ್ಕ್ಸ್, ಜಾತಿ, ಫೀಸು ಇವು ಮೊದಲ ವಾರಕ್ಕಲ್ಲ. ಅಷ್ಟು ಆಳದ್ದನ್ನು ಹೇಳಿದರೆ ಅಷ್ಟೇ ಆಳದ್ದನ್ನು ತಾವೂ ಹೇಳಬೇಕೇನೋ ಎಂದು ಜನ ಹಿಂಜರಿಯುತ್ತಾರೆ.

'ನಾನೂ' ಅಂದವರಿಗೆ ಆಮೇಲೆ ಪರ್ಸನಲ್ ಆಗಿ ಮೆಸೇಜ್ ಮಾಡಿ. ಅಲ್ಲಿ ನೇರ ಪ್ರಶ್ನೆ ಒರಟಾಗಿ ಕಾಣುವುದಿಲ್ಲ. ಟಿಡ್‌ವೆಲ್ ಮತ್ತು ವಾಲ್ಥರ್ ಎಂಬ ಸಂಶೋಧಕರು 2002ರಲ್ಲಿ ಅಪರಿಚಿತರ ಜೋಡಿಗಳನ್ನು ಹೋಲಿಸಿದಾಗ, ಟೈಪ್ ಮಾಡಿ ಮಾತಾಡಿದವರೇ ಎದುರು ಕೂತವರಿಗಿಂತ ಹೆಚ್ಚಿನ ಪಾಲು ನೇರ ಪ್ರಶ್ನೆ ಕೇಳಿದ್ದರು, ತಮ್ಮ ಬಗ್ಗೆಯೂ ಹೇಳಿಕೊಂಡಿದ್ದರು. ಮುಖಭಾವ ಕಾಣದಿದ್ದಾಗ ಬೇರೆ ದಾರಿ ಇಲ್ಲವಲ್ಲ.

ಒಂದು ಮಿತಿ ಇದೆ. ಗೊತ್ತಾದಷ್ಟೂ ಇಷ್ಟವಾಗುತ್ತಾರೆ ಅನ್ನುವ ಬರ್ಗರ್, ಕ್ಯಾಲಬ್ರೀಸ್ ಅವರ ಮಾತನ್ನು ಮೈಕೆಲ್ ಸನ್ನಾಫ್ರಾಂಕ್ ಎಂಬ ಇನ್ನೊಬ್ಬ ಸಂಶೋಧಕ 1986ರಲ್ಲೇ ಪ್ರಶ್ನಿಸಿದ. ಈ ಸ್ನೇಹದಿಂದ ಮುಂದೆ ನನಗೇನು ಸಿಗಬಹುದು ಅನ್ನುವ ಅಂದಾಜೇ ಮುಖ್ಯ ಎಂಬುದು ಅವನ ವಾದ. ನನಗೂ ಅದೇ ಸರಿ ಅನಿಸುತ್ತದೆ: ಹತ್ತು ಮೆಸೇಜ್ ಆದಮೇಲೆ ಒಬ್ಬರು ಮಾತು ನಿಲ್ಲಿಸಿದರೆ ನೀವು ತಪ್ಪು ಪ್ರಶ್ನೆ ಕೇಳಿದಿರಿ ಅಂತಲ್ಲ, ಅವರಿಗೆ ಬೇಕಾದಷ್ಟು ಗೊತ್ತಾಗಿರಬಹುದು.