ಮೊದಲು 20 ಕಳೆಯಿರಿ, ಆಮೇಲೆ ಚರ ಬೇರ್ಪಡಿಸಿ

ಸರ್, ಚೌಕ ಪ್ಲೇಟ್. ಮೇಲಂಚು 100 ಡಿಗ್ರಿ, ಕೆಳಂಚು 40, ಎಡ ಬಲ ಎರಡೂ 20. ಕ್ಲಾಸಲ್ಲಿ ಮಾಡಿದ ಹಾಗೆ T = X(x)Y(y) ಅಂತ ಇಟ್ಟು, X(0) = 20 ಅಂತ ಬರೆದೆ. ಮುಂದೆ ಏನೂ ಹೊಂದ್ತಿಲ್ಲ. ಎಲ್ಲಿ ತಪ್ಪಿದೆ?
– ಬಿ.ಇ. ವಿದ್ಯಾರ್ಥಿನಿ, ವಿಜಯನಗರ

ಪರೀಕ್ಷೆ ಹತ್ತಿರ ಬಂದರೆ ಸಾಕು, ಅಂಕಿ ಬದಲಾಯಿಸಿಕೊಂಡು ಇದೇ ಪ್ರಶ್ನೆ ಬರುತ್ತದೆ. ಲಾಪ್ಲಾಸ್ ಸಮೀಕರಣ ಎಲ್ಲಿಂದ ಬಂತು ಅಂತ ನಾನು ಇಲ್ಲಿ ಹೇಳುವುದಿಲ್ಲ, ಅದು ನಿಮ್ಮ ನೋಟ್ಸಿನಲ್ಲಿದೆ. ನೀವು X(0) = 20 ಅಂತ ಬರೆದ ಸಾಲಿಗೇ ಬರೋಣ.

ಎಡ ಅಂಚಿನಲ್ಲಿ ಬೇಕಿರುವುದು X(0)Y(y) = 20. ಅದೂ ಕೆಳಗಿನಿಂದ ಮೇಲಿನ ತನಕ ಎಲ್ಲ y ಗೂ. X(0) ಒಂದೇ ಒಂದು ಸಂಖ್ಯೆ. ಹಾಗಾದರೆ Y ಎಲ್ಲ ಕಡೆ ಒಂದೇ ಆಗಿರಬೇಕು. Y ಬದಲಾಗದಿದ್ದರೆ ಕೆಳಗೆ 40, ಮೇಲೆ 100 ಹೇಗೆ ಬರಬೇಕು? ಅಲ್ಲಿಗೆ ಲೆಕ್ಕ ಸತ್ತಿತು. ಅದೇ ಅಂಚು ಸೊನ್ನೆ ಇದ್ದಿದ್ದರೆ X(0) = 0 ಅಂದರೆ ಮುಗೀತು, Y ತನ್ನ ಪಾಡಿಗೆ ಏನು ಬೇಕಾದರೂ ಆಗಬಹುದು. ಇನ್ನೊಂದು ಕಾರಣವೂ ಇದೆ. ಕೊನೆಗೆ ನಾವು ಇಂಥ ಉತ್ತರಗಳನ್ನು ಸಾಲಾಗಿ ಕೂಡಿಸುತ್ತೇವೆ. 20 ಇರುವ ಎರಡನ್ನು ಕೂಡಿಸಿದರೆ ಅಂಚು 40 ಆಗಿಬಿಡುತ್ತದೆ. ಸೊನ್ನೆಗೆ ಎಷ್ಟು ಸೊನ್ನೆ ಕೂಡಿಸಿದರೂ ಸೊನ್ನೆಯೇ.

ಹಾಗಾಗಿ ಎದುರುಬದುರಿನ ಒಂದು ಜೋಡಿ ಅಂಚು ಸೊನ್ನೆ ಇರಲೇಬೇಕು. ನಿಮ್ಮ ಲೆಕ್ಕದಲ್ಲಿ ಅದು ಪುಕ್ಕಟೆ ಸಿಗುತ್ತದೆ: u = T − 20 ಅಂತ ಇಡಿ. ಈಗ ಎಡ ಬಲ 0, ಮೇಲೆ 80, ಕೆಳಗೆ 20. ಸ್ಥಿರಾಂಕ ಕಳೆದರೆ ಲಾಪ್ಲಾಸ್ ಸಮೀಕರಣಕ್ಕೆ ಏನೂ ಆಗುವುದಿಲ್ಲ.

ಈಗ ಸೈನ್ ಯಾವ ಕಡೆ, sinh ಯಾವ ಕಡೆ ಅನ್ನುವ ಗಲಾಟೆ. ಇದಕ್ಕೆ ಒಂದು ಟ್ಯೂಷನ್ನಿನವರು ಹದಿನಾರು ಸಾಲಿನ ಕೋಷ್ಟಕ ಮಾಡಿ ಬಾಯಿಪಾಠ ಮಾಡಿಸುತ್ತಾರೆ. ಅದರ ಜೆರಾಕ್ಸ್ ನನ್ನ ಮೇಜಿನ ಮೇಲೂ ಬಂದಿತ್ತು, ಎರಡು ಸಾಲು ತಪ್ಪು. ಕೋಷ್ಟಕ ಬೇಡ. X ಎರಡು ಕಡೆ ಸೊನ್ನೆ ಮುಟ್ಟಬೇಕು, x = 0 ದಲ್ಲಿ ಒಮ್ಮೆ, x = a ದಲ್ಲಿ ಇನ್ನೊಮ್ಮೆ. sinh ಒಮ್ಮೆ ಸೊನ್ನೆ ಬಿಟ್ಟು ಹೊರಟರೆ ತಿರುಗಿ ಬರುವುದಿಲ್ಲ. ತಿರುಗಿ ಬರುವುದು ಸೈನ್ ಮಾತ್ರ. ಅದಕ್ಕೇ X = sin(nπx/a). ಸೊನ್ನೆಯ ಜೋಡಿ ಯಾವ ದಿಕ್ಕಿನಲ್ಲಿದೆಯೋ ಸೈನ್ ಆ ದಿಕ್ಕಿಗೆ, ಅಷ್ಟೇ. Y ಗೆ ಆಗ ಬೇರೆ ದಾರಿಯಿಲ್ಲ, sinh ಆಗಲೇಬೇಕು.

ಮೇಲಂಚಿಗೆ sinh(nπy/a), ಅದು ಕೆಳಗೆ ಸೊನ್ನೆ. ಕೆಳಂಚಿಗೆ sinh(nπ(b−y)/a), ಅದು ಮೇಲೆ ಸೊನ್ನೆ. ಹೀಗೆ ಬರೆದರೆ ಒಂದು ಅಂಚು ಇನ್ನೊಂದರ ತಂಟೆಗೆ ಬರುವುದಿಲ್ಲ. cosh ಹಾಕಿಕೊಂಡು ಎರಡು ಸಮೀಕರಣ ಬಿಡಿಸುತ್ತಾ ಕೂರುವವರನ್ನು ನೋಡಿದರೆ ಅಯ್ಯೋ ಅನ್ನಿಸುತ್ತದೆ. 80 ಮತ್ತು 20 ರ ಫೂರಿಯೆ ಸೈನ್ ಸರಣಿ ಬರೆದರೆ ಉತ್ತರ ಇದು, n = 1, 3, 5 … ಮಾತ್ರ:

```
T = 20 + Σ (4/nπ) sin(nπx/a) ·
    [80 sinh(nπy/a) + 20 sinh(nπ(b−y)/a)] / sinh(nπb/a)
```

ಇಷ್ಟು ಬರೆದು ಕೆಳಗೆ ಎರಡು ಗೆರೆ ಎಳೆದು ಎದ್ದು ಹೋಗಬೇಡಿ. ತಾಳೆ ನೋಡಿ. ನಿಮ್ಮದು ಚೌಕ, a = b. ಮಧ್ಯಬಿಂದುವಿನಲ್ಲಿ ಎರಡು sinh ಗಳೂ ಒಂದೇ, 80 ಮತ್ತು 20 ಸೇರಿ 100 ಆಗುತ್ತದೆ. ಮೊದಲ ಪದ 25.37. ಎರಡನೆಯದು, ಅಂದರೆ n = 3, −0.38. ಮೂರನೆಯದು 0.01. ಒಟ್ಟು 25.00. ಇಪ್ಪತ್ತು ವಾಪಸ್ ಸೇರಿಸಿ: 45 ಡಿಗ್ರಿ.

45 ಸರಿ ಅಂತ ಸರಣಿ ಇಲ್ಲದೆಯೂ ಗೊತ್ತಾಗುತ್ತದೆ. ಚೌಕವನ್ನು ಕಾಲು ಸುತ್ತು ತಿರುಗಿಸಿದರೆ ಮಧ್ಯ ಮಧ್ಯದಲ್ಲೇ ಇರುತ್ತದೆ. ಹಾಗಾಗಿ ನಾಲ್ಕೂ ಅಂಚಿಗೆ ಮಧ್ಯದಲ್ಲಿ ಸಮಪಾಲು. (100 + 40 + 20 + 20) / 4 = 45. ನಿಮಗೆ 45 ಬರದಿದ್ದರೆ ಹೆಚ್ಚಾಗಿ 20 ವಾಪಸ್ ಸೇರಿಸುವುದನ್ನು ಮರೆತಿರುತ್ತೀರಿ. ನನ್ನ ವಿದ್ಯಾರ್ಥಿಗಳು ಅದನ್ನು ಮರೆತಷ್ಟು ಬಸ್ ಪಾಸನ್ನೂ ಮರೆತಿಲ್ಲ.

ಎಡ 20, ಬಲ 30 ಅಂತ ಕೊಟ್ಟರೆ? ಆಗ ಲೆಕ್ಕವನ್ನೇ ಎರಡು ಮಾಡಿ. ಒಂದರಲ್ಲಿ ಎಡ ಬಲ ಸೊನ್ನೆ, ಇನ್ನೊಂದರಲ್ಲಿ ಮೇಲೆ ಕೆಳಗೆ ಸೊನ್ನೆ. ಎರಡನೆಯದರಲ್ಲಿ ಸೈನ್ y ಕಡೆಗೆ ಹೋಗುತ್ತದೆ. ಕೊನೆಗೆ ಕೂಡಿಸಿ.

ನಾಲ್ಕು ಅಂಚಿನ ಸರಾಸರಿನೇ ಮಧ್ಯದ ತಾಪಮಾನ ಅಂತ ನಮ್ಮ ಟ್ಯೂಷನ್ ಮೇಷ್ಟ್ರು ಹೇಳಿದ್ದಾರೆ. ಆಯತಕ್ಕೂ ಅದೇ ಅಲ್ವಾ?
– ಜಯನಗರ

ಅಲ್ಲ. ಮೇಲಿನ ಪ್ಲೇಟನ್ನೇ ಎತ್ತರದಲ್ಲಿ ಎರಡರಷ್ಟು ಮಾಡಿ, b = 2a. ಸರಾಸರಿ ಈಗಲೂ 45. ನಿಜವಾಗಿ ಮಧ್ಯದಲ್ಲಿ ಇರುವುದು 25.5. ಮೇಲೆ ಕೆಳಗಿನ ಬಿಸಿ ಮಧ್ಯಕ್ಕೆ ಬರುವಷ್ಟರಲ್ಲಿ ಅಕ್ಕಪಕ್ಕದ 20 ಡಿಗ್ರಿ ಅಂಚುಗಳು ಅದನ್ನು ನುಂಗಿಬಿಟ್ಟಿರುತ್ತವೆ. ಅಂಚಿನಿಂದ d ದೂರ ಹೋದರೆ ಮೊದಲ ಪದವೇ ಹೆಚ್ಚುಕಮ್ಮಿ exp(−πd/a) ಯಷ್ಟು ಸೊರಗುತ್ತದೆ. ಸರಾಸರಿ ಸೂತ್ರ ಚೌಕಕ್ಕೆ, ಅದೂ ಮಧ್ಯಬಿಂದುವಿಗೆ ಮಾತ್ರ. ಮೇಷ್ಟ್ರಿಗೂ ತಿಳಿಸಿ.

ಪೈಥಾನಲ್ಲಿ ಬರೆದೆ. ಮೇಲಂಚಿನ ಮೂಲೆ ಹತ್ರ 114 ತೋರಿಸ್ತಿದೆ. ಪದ ಜಾಸ್ತಿ ಮಾಡೋಣ ಅಂತ n ಅನ್ನು 300ರ ತನಕ ಬಿಟ್ರೆ nan ಬಂತು.
– ಸಾಫ್ಟ್‌ವೇರ್ ಉದ್ಯೋಗಿ, ಬೆಳ್ಳಂದೂರು

ಇದು ಎರಡು ಬೇರೆ ಬೇರೆ ಕಾಯಿಲೆ. 114 ಪ್ಲೇಟಿನದಲ್ಲ, ಸರಣಿಯದು. ಅಂಚುಗಳು 20 ರಿಂದ 100 ರೊಳಗೆ ಇದ್ದರೆ ಒಳಗೆ ಎಲ್ಲೂ 100 ದಾಟುವ ಹಾಗಿಲ್ಲ. ಆದರೆ ಮೂಲೆಯಲ್ಲಿ 20 ರಿಂದ 100 ಕ್ಕೆ ಒಂದೇ ಸಲ ಜಿಗಿತ ಇದೆ, ಅಲ್ಲಿ ಸೈನ್ ಸರಣಿ ಸುಮಾರು 14 ಡಿಗ್ರಿ ಮೇಲೆ ಚಿಮ್ಮುತ್ತದೆ. ಗಿಬ್ಸ್ ಹೆಸರಿನಲ್ಲಿ ಕರೆಯುವುದು ಇದನ್ನೇ. ಪದ ಜಾಸ್ತಿ ಮಾಡಿದರೆ ಆ ಗುಬುಟು ಮೂಲೆಗೆ ಸರಿಯುತ್ತದೆ, ಎತ್ತರ ಕಡಿಮೆಯಾಗುವುದಿಲ್ಲ. ಅಂಚಿನ ತಾಪಮಾನ ನಿಮಗೆ ಕೊಟ್ಟೇ ಇದೆ, ಅದನ್ನು ಸರಣಿಯಿಂದ ಯಾಕೆ ಕೇಳುತ್ತೀರಿ? ಅಗಲದ ಹತ್ತನೇ ಒಂದು ಪಾಲು ಒಳಗೆ ಬಂದರೆ n = 23 ರ ತನಕ ಸಾಕು.

nan ಬಂದದ್ದು sinh ನಿಂದ. ಚೌಕದಲ್ಲಿ n = 227 ಆದಾಗ sinh(nπ) ಕಂಪ್ಯೂಟರ್ ಹಿಡಿಯುವ ಅತಿ ದೊಡ್ಡ ಸಂಖ್ಯೆಯನ್ನು ದಾಟುತ್ತದೆ. ಅಂಚಿನಲ್ಲಿ ಅನಂತವನ್ನು ಅನಂತದಿಂದ ಭಾಗಿಸಿದಂತೆ. ಮೇಲಂಚಿನ ಅನುಪಾತವನ್ನು ಹೀಗೆ ಬರೆಯಿರಿ, ಕೆಳಂಚಿಗೆ y ಬದಲು b-y ಹಾಕಿ:

```
k = n*np.pi/a
r = np.exp(-k*(b-y)) * (1-np.exp(-2*k*y)) / (1-np.exp(-2*k*b))
```

ತಾಮ್ರದ ಪ್ಲೇಟಿಗೂ ಉಕ್ಕಿನದಕ್ಕೂ ಉತ್ತರ ಬೇರೆ ಬರಬೇಕಲ್ವಾ?
– ಪೀಣ್ಯ

ಬರುವುದಿಲ್ಲ. ನಾಲ್ಕೂ ಅಂಚಿನ ತಾಪಮಾನ ಕಟ್ಟಿಹಾಕಿ, ಸ್ಥಿರವಾಗುವ ತನಕ ಕಾದರೆ ಎರಡರಲ್ಲೂ ಅದೇ 45. ತಾಮ್ರ ಬೇಗ ಅಲ್ಲಿಗೆ ತಲುಪುತ್ತದೆ, ಅದರಲ್ಲಿ ಹರಿಯುವ ಶಾಖ ಜಾಸ್ತಿ, ಅಷ್ಟೇ.

ದೋಸೆ ಕಾವಲಿಗೂ ಇದೇ ಸೂತ್ರ ಹಾಕಬಹುದಾ?
– ಬಸವನಗುಡಿ

ಬೇಡ. ಕಾವಲಿಗೆ ಬಿಸಿ ಬರುವುದು ಅಂಚಿನಿಂದಲ್ಲ, ಅಡಿಯಿಂದ. ಮೇಲ್ಮೈಯಿಂದ ಹೋಗುವುದೂ ಇದೆ. ನಮ್ಮ ಲೆಕ್ಕ ಎರಡೂ ಮುಖಕ್ಕೆ ಕಂಬಳಿ ಹೊದಿಸಿದ ಪ್ಲೇಟಿನದು.